ವ್ಯಾಪಾರ ಎಷ್ಟು ಅಂತ ಬರೆದಿದ್ದರು, ಉಳಿಯೋದು ಎಷ್ಟು ಅಂತ ಬರೆದಿರಲಿಲ್ಲ

(ಗುರುತು ಸಿಗದಂತೆ ಹೆಸರು, ವಿವರ ಬದಲಿಸಲಾಗಿದೆ.)

ಇವರನ್ನು ಸುಮಾ ಅಂತ ಕರೆಯೋಣ. ನೋಟ್‌ಬುಕ್, ಪೆನ್ನು, ಶಾಲೆಯ ಸಾಮಾನು ಮಾರುವ ಚಿಕ್ಕ ಅಂಗಡಿ ಇಟ್ಟಿದ್ದಾರೆ. ಸಾಲ ಕೇಳಿ ಬರೆದ ಪತ್ರವನ್ನು ಬ್ಯಾಂಕಿನವರು "ವಿವರ ಸಾಲದು" ಎಂದು ವಾಪಸ್ ಕೊಟ್ಟಿದ್ದರು. ಅದನ್ನು ಹಿಡಿದುಕೊಂಡೇ ನನ್ನ ಹತ್ತಿರ ಬಂದರು. ಮುಖ್ಯ ಭಾಗ ಇಷ್ಟೇ ಇತ್ತು:

"ವ್ಯಾಪಾರ ಅಭಿವೃದ್ಧಿಗಾಗಿ 3 ಲಕ್ಷ ಸಾಲ ಬೇಕಾಗಿದೆ. ತಿಂಗಳಿಗೆ ಎರಡೂವರೆ ಲಕ್ಷ ವ್ಯಾಪಾರ ಇರುವುದರಿಂದ ಕಂತು ಕಟ್ಟಲು ತೊಂದರೆ ಇಲ್ಲ. ನಮಗೆ ಸ್ವಂತ ಮನೆ ಇದೆ."

ಮೂರು ವಾಕ್ಯದಲ್ಲಿ ಉದ್ದೇಶ, ಮರುಪಾವತಿ, ಭದ್ರತೆ ಮೂರೂ ಇವೆ. ಆದರೆ ಓದಿದವರಿಗೆ ಒಂದೂ ಗೊತ್ತಾಗುವುದಿಲ್ಲ.

"ದುಡ್ಡು ಕೈಗೆ ಬಂದ ವಾರ ಏನು ಕೊಳ್ತೀರಿ?" ಎಂದು ಕೇಳಿದೆ. ತಕ್ಷಣ ಹೇಳಿದರು: 1.2 ಲಕ್ಷಕ್ಕೆ ಜೆರಾಕ್ಸ್ ಮಷೀನ್, 1.8 ಲಕ್ಷಕ್ಕೆ ಶಾಲೆ ಶುರುವಾಗುವ ಹೊತ್ತಿನ ಸರಕು. ಇದನ್ನು ಯಾಕೆ ಬರೆಯಲಿಲ್ಲ ಅಂದರೆ, "ಅಷ್ಟೆಲ್ಲಾ ಬರೆದರೆ ಚಿಲ್ಲರೆ ವಿಷಯ ಅಂದ್ಕೋತಾರೇನೋ ಸರ್" ಎಂದರು. ಸಾಲ ಕೊಡುವವರಿಗೆ ಬೇಕಿರುವುದೇ ಈ ಚಿಲ್ಲರೆ ವಿಷಯ. "ಅಭಿವೃದ್ಧಿ" ಎಂದು ಬರೆದರೆ ಹಳೆ ಸಾಲ ತೀರಿಸಲು ಕೇಳುತ್ತಿರಬಹುದು ಎಂಬ ಅನುಮಾನವೇ ಮೊದಲು ಬರುತ್ತದೆ.

ಆಮೇಲೆ ಲೆಕ್ಕಕ್ಕೆ ಕೂತೆವು. ಎರಡೂವರೆ ಲಕ್ಷ ಗಲ್ಲಾಪೆಟ್ಟಿಗೆಗೆ ಬರುವ ದುಡ್ಡು. ಅದರಲ್ಲಿ ಬಹುಪಾಲು ಮತ್ತೆ ಸರಕಿಗೇ ಹೋಗುತ್ತದೆ. ಖರೀದಿ ಬಿಲ್ಲುಗಳನ್ನು ಮಾರಾಟದ ಜೊತೆ ಇಟ್ಟು ನೋಡಿದಾಗ ಅವರ ಲಾಭ ಮಾರಾಟದ ನೂರಕ್ಕೆ 18, ಅಂದರೆ 45,000. ಬಾಡಿಗೆ, ಸಹಾಯಕನ ಸಂಬಳ, ಕರೆಂಟು, ಸಾಗಣೆ ಸೇರಿ 25,000 ಹೋಯಿತು. ಮನೆ ಖರ್ಚಿಗೆ 14,000. ಉಳಿದಿದ್ದು 6,000. ಇಲ್ಲಿಗೆ ಮುಗಿಯಿತು ಅಂದುಕೊಂಡರೆ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಪ್ರತಿ ತಿಂಗಳೂ 2,000 ಕಡಿತ ಕಾಣಿಸಿತು. ಸ್ಕೂಟರ್ ಸಾಲ. ಪತ್ರದಲ್ಲಿ ಅದರ ಸುದ್ದಿಯೇ ಇರಲಿಲ್ಲ. ಕೈಯಲ್ಲಿ ನಿಜವಾಗಿ ಉಳಿಯುವುದು 4,000.

3 ಲಕ್ಷವನ್ನು ವರ್ಷಕ್ಕೆ ಶೇಕಡಾ 12 ಬಡ್ಡಿಯಲ್ಲಿ 36 ತಿಂಗಳಿಗೆ ಹಂಚಿದರೆ ಕಂತು ಸುಮಾರು 9,964. ನಾಲ್ಕು ಸಾವಿರ ಉಳಿಸುವವರು ಹತ್ತು ಸಾವಿರ ಎಲ್ಲಿಂದ ಕಟ್ಟುತ್ತಾರೆ? ಸರಕಿನ ದುಡ್ಡನ್ನೇ ತೆಗೆದು ಕಟ್ಟುತ್ತಾರೆ, ಕಪಾಟು ಮೆಲ್ಲಗೆ ಖಾಲಿಯಾಗುತ್ತದೆ. ಇಂಥ ಸಾಲದಲ್ಲಿ ಮೊದಲ ಕಂತುಗಳು ಸರಿಯಾಗೇ ಬರುತ್ತವೆ. ಅದಕ್ಕೇ ಯಾರಿಗೂ ಬೇಗ ಗೊತ್ತಾಗುವುದಿಲ್ಲ.

ಸುಮಾ ಮುಖ ಸಪ್ಪಗಾಯಿತು. ಆದರೆ ಸಾಲ ಬೇಡ ಎಂದು ನಾನು ಹೇಳಲಿಲ್ಲ. ಅವರ ಎರಡು ಉದ್ದೇಶಗಳನ್ನು ಒಂದೇ ಸಾಲಕ್ಕೆ ಕಟ್ಟಿದ್ದೇ ತೊಡಕು. ಮಷೀನ್ ವರ್ಷಗಟ್ಟಲೆ ದುಡಿಯುತ್ತದೆ, ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಕೊಡುತ್ತದೆ. ನೋಟ್‌ಬುಕ್ ಸರಕು ಮೂರೇ ತಿಂಗಳಲ್ಲಿ ಮಾರಿ ಹೋಗಿ ಒಟ್ಟಿಗೆ ದುಡ್ಡಾಗುತ್ತದೆ. ಮೂರು ತಿಂಗಳ ಸರಕಿಗೆ ಮೂರು ವರ್ಷ ಬಡ್ಡಿ ಕಟ್ಟುವುದು ಯಾಕೆ, ಅಲ್ವಾ? ಹಾಗಾಗಿ ಮಷೀನಿಗೆ ಕಂತಿನ ಸಾಲ, ಸರಕಿಗೆ ಬೇಕಾದಾಗ ತೆಗೆದು ಬಂದಾಗ ಕಟ್ಟುವ ಕ್ಯಾಶ್ ಕ್ರೆಡಿಟ್ ಮಿತಿ ಕೇಳಿ ಎಂದೆ. ಅದರಲ್ಲಿ ಬಳಸಿದಷ್ಟಕ್ಕೆ ಮಾತ್ರ ಬಡ್ಡಿ.

ಮಷೀನಿನ 1.2 ಲಕ್ಷದಲ್ಲಿ 20,000 ಅವರೇ ಹಾಕಲು ಒಪ್ಪಿದರು. ಉಳಿದ 1 ಲಕ್ಷಕ್ಕೆ ಕಂತು 3,321. ಕಾಗದ, ಟೋನರ್, ರಿಪೇರಿ ಕಳೆದು ಮಷೀನಿನಿಂದ 6,000 ಬರಬಹುದು ಎನ್ನುವುದು ಅವರ ಅಂದಾಜು. ಪತ್ರದಲ್ಲಿ ಅರ್ಧ ಮಾತ್ರ ಹಾಕಿಸಿದೆ. ಆಗಲೂ ಉಳಿಯುವ 4,000ಕ್ಕೆ 3,000 ಸೇರಿ 7,000 ಆಗುತ್ತದೆ, ಕಂತಿನ ಎರಡು ಪಟ್ಟು. ಸ್ಕೂಟರ್ ಸಾಲವನ್ನೂ ಬರೆಯಿರಿ ಎಂದೆ. ಬ್ಯಾಂಕಿನವರು ಹೇಗೂ ಖಾತೆ ನೋಡುತ್ತಾರೆ. ಮುಚ್ಚಿಟ್ಟಿದ್ದು ಸಿಕ್ಕರೆ ಉಳಿದ ಲೆಕ್ಕವನ್ನೂ ನಂಬುವುದಿಲ್ಲ.

ಸರಕಿನ ಲೆಕ್ಕ ನನಗೆ ಜಾಸ್ತಿ ಇಷ್ಟವಾಯಿತು. ಅವರು ಈವರೆಗೆ ಹೋಲ್‌ಸೇಲ್‌ನವರ ಹತ್ತಿರ ಉದ್ದರಿ ತರುತ್ತಿದ್ದರು. ನಗದು ಕೊಟ್ಟರೆ ನೂರಕ್ಕೆ 5 ಕಡಿಮೆ. 1.8 ಲಕ್ಷಕ್ಕೆ ಅದು 9,000 ಉಳಿತಾಯ. ಹೋದ ವರ್ಷದ ದಿನದ ಮಾರಾಟದ ಪುಸ್ತಕ ನೋಡಿ, ಮೊದಲ ತಿಂಗಳ ಕೊನೆಗೆ 30,000, ಎರಡನೆಯದಕ್ಕೆ 80,000, ಮೂರನೆಯದಕ್ಕೆ 70,000 ವಾಪಸ್ ಎಂದು ಹಾಕಿದೆವು. ತಿಂಗಳಿಗೆ ನೂರಕ್ಕೆ ಒಂದರಂತೆ ಬಡ್ಡಿ 1,800, 1,500, 700. ಒಟ್ಟು 4,000. ಬಡ್ಡಿ ಕಟ್ಟಿಯೂ 5,000 ಮಿಗುತ್ತದೆ. ಸಾಲ ಯಾಕೆ ಬೇಕು ಎನ್ನುವುದಕ್ಕೆ ಇದಕ್ಕಿಂತ ಗಟ್ಟಿ ಉತ್ತರ ಅವರ ಹತ್ತಿರ ಇರಲಿಲ್ಲ. ಆದರೂ ಮೊದಲ ಪತ್ರದಲ್ಲಿ ಅದು ಇರಲಿಲ್ಲ.

ಇನ್ನು "ಸ್ವಂತ ಮನೆ". ಮನೆ ಪತ್ರ ಯಾರ ಹೆಸರಲ್ಲಿದೆ ಎಂದು ಕೇಳಿದರೆ ಅತ್ತೆಯವರ ಹೆಸರಲ್ಲಿ. ಅತ್ತೆ ಒಪ್ಪಿ ಸಹಿ ಹಾಕದೆ ಅದು ಭದ್ರತೆ ಆಗುವುದಿಲ್ಲ. ಇಷ್ಟು ಸಣ್ಣ ಸಾಲಕ್ಕೆ ಮನೆಯನ್ನು ಎಳೆದು ತರುವುದೂ ನನಗೆ ಸರಿ ಕಾಣಲಿಲ್ಲ. ಆ ವಾಕ್ಯ ತೆಗೆಸಿದೆ. ಭಾವ ಜಾಮೀನು ನಿಲ್ತಾರೆ ಎಂದರು. ಅವರನ್ನು ಕೇಳಿದ್ದೀರಾ ಎಂದರೆ ಇಲ್ಲ! ನೀವು ಕಟ್ಟದಿದ್ದರೆ ಅವರೇ ಕಟ್ಟಬೇಕಾಗುತ್ತದೆ, ಅದನ್ನು ಬಾಯಿಬಿಟ್ಟು ಹೇಳಿ ಒಪ್ಪಿಸಿದ ಮೇಲೆ ಹೆಸರು ಬರೆಯಿರಿ ಎಂದೆ.

ಮಷೀನಿನ ಸಾಲಕ್ಕೆ ಮಷೀನೇ ಭದ್ರತೆ, ಸರಕಿನ ಮಿತಿಗೆ ಅಂಗಡಿಯ ಸರಕು. ಸರಕು 4 ಲಕ್ಷದ್ದು ಇತ್ತು, ಆದರೆ 1.2 ಲಕ್ಷ ಇನ್ನೂ ಹೋಲ್‌ಸೇಲ್‌ನವರಿಗೆ ಕೊಡಬೇಕಿತ್ತು. ದುಡ್ಡು ಕೊಡದ ಸರಕನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಉಳಿದ 2.8 ಲಕ್ಷದಲ್ಲಿ ಬ್ಯಾಂಕ್ ಸಾಲ ಕೊಡದೆ ಬಿಡುವ ಪಾಲು, ಅಂದರೆ ಮಾರ್ಜಿನ್, ನೂರಕ್ಕೆ 25 ಕಳೆದರೆ 2.1 ಲಕ್ಷ. ಕೇಳುವ 1.8 ಲಕ್ಷಕ್ಕೆ ಅದು ಸಾಕು.

ಹೊಸ ಪತ್ರ ಒಂದೇ ಪುಟ. ಅದರ ನಡುವಿನ ಭಾಗ ಹೀಗಿತ್ತು:

"ಜೆರಾಕ್ಸ್ ಮಷೀನ್ ಬೆಲೆ 1,20,000 (ಕೊಟೇಶನ್ ಲಗತ್ತಿಸಿದೆ). ನನ್ನ ಪಾಲು 20,000. ಉಳಿದ 1,00,000ಕ್ಕೆ 36 ತಿಂಗಳ ಸಾಲ ಕೋರುತ್ತೇನೆ. ಖರ್ಚು ಮತ್ತು ಸ್ಕೂಟರ್ ಸಾಲದ ಕಂತು 2,000 ಕಳೆದು ಈಗ ತಿಂಗಳಿಗೆ 4,000 ಉಳಿಯುತ್ತಿದೆ. ಮಷೀನಿನಿಂದ ಕನಿಷ್ಠ 3,000 ನಿರೀಕ್ಷೆ ಇದೆ. ಶಾಲೆ ಆರಂಭದ ಸರಕು ನಗದಾಗಿ ಕೊಳ್ಳಲು 1,80,000 ಮಿತಿ ಕೋರುತ್ತೇನೆ. ಮೂರು ತಿಂಗಳಲ್ಲಿ ಮಾರಾಟದ ಹಣದಿಂದ ತೀರಿಸುತ್ತೇನೆ. ಭದ್ರತೆಯಾಗಿ ಮಷೀನ್ ಮತ್ತು ಅಂಗಡಿಯ ಸರಕು. ಸರಕಿನಲ್ಲಿ 1,20,000 ಬಾಕಿ ಕೊಡಬೇಕಿದೆ."

ಕೊಟೇಶನ್, ಒಂದು ವರ್ಷದ ಖಾತೆ ವಿವರ, ಸರಕಿನ ಪಟ್ಟಿ ಜೊತೆಗಿಟ್ಟರು.

ಬ್ಯಾಂಕಿನವರು ಅಂಗಡಿಗೇ ಬಂದು ನೋಡಿದರು. ಮೇಲಿನ ಕಪಾಟಿನಲ್ಲಿ ವರ್ಷಗಳಿಂದ ಕೂತ ಲೆಡ್ಜರ್ ಪುಸ್ತಕ, ಹಳೆ ಗ್ರೀಟಿಂಗ್ ಕಾರ್ಡ್ ಇದ್ದವು. 80,000 ಮೌಲ್ಯದ ಆ ಸರಕನ್ನು ಲೆಕ್ಕದಿಂದ ತೆಗೆದರು. ಉಳಿದ 2 ಲಕ್ಷಕ್ಕೆ ಮಾರ್ಜಿನ್ ಕಳೆದು ಮಿತಿ 1.5 ಲಕ್ಷಕ್ಕೆ ನಿಂತಿತು. ಮಷೀನಿನ ಸಾಲ ಪೂರ್ತಿ ಸಿಕ್ಕಿತು.

ಕಡಿಮೆ ಬಿದ್ದ 30,000ಕ್ಕೆ ಕೈಸಾಲ ಮಾಡಲೇ ಎಂದು ಸುಮಾ ಫೋನ್ ಮಾಡಿದರು. ಬೇಡ, ನೋಟ್‌ಬುಕ್ ಮೊದಲು ತನ್ನಿ, ಬ್ಯಾಗು ಮತ್ತು ಕಂಪಾಸ್ ಬಾಕ್ಸನ್ನು ಮೊದಲ ತಿಂಗಳ ಮಾರಾಟದ ದುಡ್ಡಿನಲ್ಲಿ ಎರಡನೇ ಸಲ ತನ್ನಿ ಎಂದೆ. ಹಾಗೇ ಮಾಡಿದರು. ಹಳೆ ಲೆಡ್ಜರ್‌ಗಳನ್ನು ಅಸಲಿಗಿಂತ ಕಡಿಮೆಗೆ ಮಾರಲು ಮಾತ್ರ ಇನ್ನೂ ಮನಸ್ಸು ಬಂದಿಲ್ಲ.