ರಿಪೋರ್ಟ್‌ನಲ್ಲಿ "ಶಾರ್ಟ್ ಸರ್ಕ್ಯೂಟ್" ಅಂತ ಬರಿಯೋ ಮುಂಚೆ ಸಿಸಿಟಿವಿ ಡಿವಿಆರ್ ಗಡಿಯಾರ ನೋಡಿ

"ಅಣ್ಣಾ, ನಿನ್ನೆ ರಾತ್ರಿ ನಮ್ ಬೇಸ್‌ಮೆಂಟಲ್ಲಿ ಒಂದು ಕಾರ್ ಸುಟ್ಟೋಯ್ತು. ರೆಸಿಡೆಂಟ್ಸ್‌ಗೂ ಇನ್ಶೂರೆನ್ಸ್‌ಗೂ ರಿಪೋರ್ಟ್ ಕೊಡು ಅಂತಿದಾರೆ. 'ರಾತ್ರಿ ಸುಮಾರು ಎರಡೂವರೆಗೆ ಶಾರ್ಟ್ ಸರ್ಕ್ಯೂಟ್‌ನಿಂದ ಬೆಂಕಿ, ಗಾರ್ಡ್ ತಕ್ಷಣ ಹೋಗಿ ಆರಿಸಿದರು, ಬೇರೆ ಗಾಡಿಗಳಿಗೆ ಹಾನಿ ಇಲ್ಲ' ಅಂತ ಬರ್ದಿದೀನಿ. ಇಷ್ಟು ಸಾಕಾ?"

ಕಳಿಸಿಲ್ಲ ಅಂದ್ರೆ ತಡಿ ತಮ್ಮಾ. ಹೆಚ್ಚುಕಮ್ಮಿ ಇದೇ ಸಾಲನ್ನ ನಾನೂ ಒಂದ್ಸಲ ಬರ್ದು ಸಹಿ ಹಾಕಿ ಕೊಟ್ಟಿದ್ದೆ, ಆಮೇಲೆ ಎರಡು ತಿಂಗಳು ಕಮಿಟಿ ಮೀಟಿಂಗಲ್ಲಿ ಕೈಕಟ್ಕೊಂಡು ನಿಲ್ಲೋ ಹಾಗಾಯ್ತು. ನಿನ್ನ ಸಾಲಲ್ಲಿ ಸುಮಾರು, ಶಾರ್ಟ್ ಸರ್ಕ್ಯೂಟ್, ತಕ್ಷಣ, ಹಾನಿ ಇಲ್ಲ, ಈ ನಾಲ್ಕೂ ತೆಗಿ.

ಮೊದಲು ಶಾರ್ಟ್ ಸರ್ಕ್ಯೂಟ್. ಯಾರು ನೋಡಿದ್ರು? ನಾನು ಬರ್ದಿದ್ದು ಫೈರ್‌ನವರು ಹೋಗ್ತಾ ಹೋಗ್ತಾ "ಶಾರ್ಟ್ ಆಗಿರ್ಬೇಕು" ಅಂದ್ರು ಅಂತ. ಅದನ್ನ ಬಿಲ್ಡಿಂಗ್ ಪಾಲಿಸಿಯವರು ಓದಿ ನಿಮ್ಮ ಬೇಸ್‌ಮೆಂಟ್ ವೈರಿಂಗ್ ಶಾರ್ಟಾ ಅಂತ ಕೇಳಿದ್ರು, ಕಾರಿನ ಇನ್ಶೂರೆನ್ಸ್‌ನವರು ಓನರ್‌ಗೆ ಹೊರಗಡೆ ಹಾಕ್ಸಿದ ಫಾಗ್ ಲ್ಯಾಂಪ್‌ದು ಬಿಲ್ ಕೇಳಿದ್ರು, ಓನರ್ ಬಂದು ನನ್ನ ಕಾಲರ್ ಹಿಡಿಯೋದೊಂದು ಬಾಕಿ. ಒಂದೇ ಪದ, ಮೂರು ಜನ ಮೂರು ಥರ ಓದ್ಕೊಂಡ್ರು. ಇಲಿ ವೈರ್ ಕಡ್ದಿತ್ತು ಅಂತ ಮೆಕ್ಯಾನಿಕ್ ಅಂದ, ಇನ್ಶೂರೆನ್ಸ್ ಸರ್ವೇಯರ್ ಏನೂ ಹೇಳ್ಲಿಲ್ಲ, ಯಾವ್ದು ನಿಜ ಅಂತ ಇವತ್ತಿಗೂ ಗೊತ್ತಿಲ್ಲ. ಕಾರಣ ಹುಡುಕೋದು ನಮ್ಮ ಕೆಲಸ ಅಲ್ಲ. "ಕಾರಣ: ತನಿಖೆಯಲ್ಲಿದೆ" ಅಂತ ಬರ್ದು ಬಿಡು. ಅದರ ಬದಲು ಕಂಡಿದ್ದನ್ನ ಬರಿ. ಹೊಗೆ ಮೊದಲು ಬಾನೆಟ್ ಕೆಳಗಿಂದ ಬಂತಾ, ಡ್ಯಾಶ್‌ಬೋರ್ಡ್ ಕಡೆಯಿಂದಾನಾ, ಹಿಂದಿನ ಸೀಟಿಂದಾನಾ. ಗಾಡಿ ಬಂದು ನಿಂತು ಎಷ್ಟು ಹೊತ್ತಾಗಿತ್ತು, ಪೆಟ್ರೋಲ್, ಸಿಎನ್‌ಜಿ, ಇವಿ ಯಾವ್ದು, ಚಾರ್ಜಿಗೆ ಹಾಕಿದ್ರಾ. ಕಾಮನ್ ಏರಿಯಾ ಪಾಯಿಂಟಿಂದ ಎಕ್ಸ್‌ಟೆನ್ಷನ್ ಬೋರ್ಡ್ ಎಳ್ದಿದ್ರೆ ಅದನ್ನೂ ಬರಿ, ಸೆಕ್ರೆಟರಿ ಬೇಡ ಅಂದ್ರೂ ಬರಿ, ಫೋಟೋದಲ್ಲಿ ಹೇಗೂ ಕಾಣುತ್ತೆ.

ಈಗ ಟೈಮು. ನಾನು ಜಾಸ್ತಿ ಪೆಟ್ಟು ತಿಂದಿದ್ದು ಇಲ್ಲೇ. ನಮ್ಮ ಡಿವಿಆರಲ್ಲಿ ಹೊಗೆ ಕಂಡಿದ್ದು 2:29ಕ್ಕೆ, ಗಾರ್ಡ್ 101ಗೆ ಕಾಲ್ ಮಾಡಿದ್ದು ಅವನ ಫೋನಲ್ಲಿ 2:43. ಎರಡನ್ನೂ ಹಾಗ್ಹಾಗೇ ರಿಪೋರ್ಟಿಗೆ ಇಳಿಸಿಬಿಟ್ಟೆ. ಹದಿನಾಲ್ಕು ನಿಮಿಷ ಗಾರ್ಡ್ ಏನ್ ಮಾಡ್ತಿದ್ದ, ಮಲಗಿದ್ನಾ? ಸರ್ವೇಯರ್ ಕೇಳಿದ, ರೆಸಿಡೆಂಟ್ಸ್ ಗ್ರೂಪಲ್ಲಿ ಅವನನ್ನ ತೆಗೀರಿ ಅಂತ ಗಲಾಟೆ. ಪಾಪ, ಅವನು ಓಡಿ ಹೋಗಿ ಕೈ ಸುಟ್ಕೊಂಡಿದ್ದ. ಒಂದು ವಾರ ಆದ್ಮೇಲೆ ಗೇಟ್ ರಿಜಿಸ್ಟರ್ ತಿರುವಿ ಹಾಕ್ತಾ ಗೊತ್ತಾಯ್ತು, ಫೈರ್ ಎಂಜಿನ್ ಒಳಗೆ ಬಂದಿದ್ದು ರಿಜಿಸ್ಟರಲ್ಲಿ 3:02, ಗೇಟ್ ಕ್ಯಾಮೆರಾದಲ್ಲಿ 2:51. ಡಿವಿಆರ್ ಹನ್ನೊಂದು ನಿಮಿಷ ಹಿಂದಿತ್ತು! ಅಂದ್ರೆ ಹೊಗೆ ಕಂಡಿದ್ದು ನಿಜವಾಗಿ 2:40ಕ್ಕೆ, ಕಾಲ್ ಹೋಗಿದ್ದು ಮೂರೇ ನಿಮಿಷಕ್ಕೆ. ಆಗ ತಿದ್ದಿದ ರಿಪೋರ್ಟ್ ಕೊಟ್ರೆ "ಈಗ ಗಾರ್ಡ್‌ನ ಉಳಿಸೋಕೆ ಟೈಮ್ ಬದಲಾಯಿಸ್ತಿದೀರಾ" ಅಂದ್ರು.

ಅದಕ್ಕೇ ಈಗ್ಲೇ ಎದ್ದು ಹೋಗು. ಮಾನಿಟರ್ ಪಕ್ಕದಲ್ಲಿ ಒಂದು ಫೋನ್ ಹಿಡಿ, ಸೆಕೆಂಡ್ ತೋರಿಸೋ ಗಡಿಯಾರ ಓಪನ್ ಮಾಡಿ, ಇನ್ನೊಂದು ಫೋನಲ್ಲಿ ಎರಡೂ ಒಟ್ಟಿಗೆ ಬರೋ ಹಾಗೆ ಫೋಟೋ ಹೊಡಿ. ಡಿವಿಆರ್ ಟೈಮ್ ಸರಿ ಮಾಡೋಕೆ ಮಾತ್ರ ಹೋಗ್ಬೇಡ, ಎಷ್ಟು ವ್ಯತ್ಯಾಸ ಅಂತ ಬರಿ ಸಾಕು. ಬೆಂಕಿ ಆದ್ಮೇಲೆ ಕರೆಂಟ್ ತೆಗ್ದು ಹಾಕಿದ್ರೆ, ಡಿವಿಆರ್ ನೆಟ್ಟಿಗೆ ಕನೆಕ್ಟ್ ಆಗಿದ್ರೆ, ಅದು ತಾನೇ ಟೈಮ್ ಸರಿ ಮಾಡ್ಕೊಂಡಿರಬಹುದು, ಆಗ ಇವತ್ತಿನ ವ್ಯತ್ಯಾಸ ನಿನ್ನೆದಕ್ಕೆ ಲೆಕ್ಕ ಆಗಲ್ಲ. ಹಾಗಿದ್ರೆ ನಾನು ಮಾಡಿದ ಹಾಗೆ ಫೈರ್ ಎಂಜಿನ್ ಬಂದ ಟೈಮ್ ಇಟ್ಕೊಂಡು ತಾಳೆ ನೋಡು, ಯಾರಾದ್ರೂ ಎಂಜಿನ್ ಬಂದಾಗ ವಿಡಿಯೋ ಮಾಡಿದ್ರೆ ರಿಜಿಸ್ಟರ್‌ಗಿಂತ ಅದೇ ವಾಸಿ, ರಿಜಿಸ್ಟರ್‌ನ ಗಾರ್ಡ್ ಆಮೇಲೆ ತುಂಬಿರ್ತಾನೆ. ರಿಪೋರ್ಟಲ್ಲಿ ಒಂದೊಂದು ಸಾಲು ಹೀಗಿರ್ಲಿ: "ಡಿವಿಆರ್ 2:29, ಸರಿಪಡಿಸಿದ ಸಮಯ 2:40, ರ‍್ಯಾಂಪ್ ಕ್ಯಾಮೆರಾ, ಬಾನೆಟ್ ಎಡಗಡೆ ಕೆಳಗಿಂದ ಹೊಗೆ ಕಾಣುತ್ತದೆ." ಯಾವ ಕ್ಯಾಮೆರಾ ಇಲ್ಲಾ ಯಾರು ನೋಡಿದ್ದು ಅನ್ನೋದು ಪ್ರತಿ ಸಾಲಲ್ಲೂ ಬೇಕು.

ಫುಟೇಜ್ ಇವತ್ತೇ ತೆಗಿ, ಹಾರ್ಡ್‌ಡಿಸ್ಕ್ ತುಂಬಿದ್ರೆ ಹಳೇದರ ಮೇಲೇ ಬರ್ಕೊಂಡು ಹೋಗುತ್ತೆ. ಬೆಂಕಿ ಬಿದ್ದ ಹತ್ತು ನಿಮಿಷ ಅಷ್ಟೇ ಅಲ್ಲ, ಆ ಗಾಡಿ ರ‍್ಯಾಂಪ್ ಇಳಿದು ಬಂದಾಗಿಂದ ತೆಗಿ, ಎರಡು ಪೆನ್‌ಡ್ರೈವಿಗೆ. ನಮ್ಮದು ಸಿಪಿ ಪ್ಲಸ್ ಕಂಪನಿ ಡಿವಿಆರ್, ಅದರಲ್ಲಿ .dav ಫೈಲ್ ಬರುತ್ತೆ, ಸರ್ವೇಯರ್ ಲ್ಯಾಪ್‌ಟಾಪಲ್ಲಿ ಓಪನ್ ಆಗ್ಲಿಲ್ಲ, ಅದಕ್ಕೆ ಪ್ಲೇಯರೂ ಜೊತೆಗೆ ಹಾಕಿ ಕೊಟ್ಟೆ. ಮಾನಿಟರ್ ಮುಂದೆ ಫೋನ್ ಹಿಡಿದು ತೆಗ್ದ ವಿಡಿಯೋನ ಒರಿಜಿನಲ್ ಅಂತ ಕೊಡ್ಬೇಡ ಮಾರಾಯಾ.

"ಗಾರ್ಡ್ ಆರಿಸಿದರು" ಅಂತ ಬರ್ದಿದೀಯಲ್ಲ, ನಿಜವಾಗ್ಲೂ ಆರ್ಸಿದ್ನಾ? 6 ಕೆಜಿ ಪೌಡರ್ ಸಿಲಿಂಡರ್ 15-20 ಸೆಕೆಂಡ್ ಬರುತ್ತೆ ಅಷ್ಟೇ, ಬಾನೆಟ್ ಮುಚ್ಚಿದ್ರೆ ಪೌಡರ್ ಒಳಗೇ ಹೋಗಲ್ಲ. ಎಷ್ಟು ಸಿಲಿಂಡರ್ ಖಾಲಿ ಆಯ್ತು, ಆಗ ಬೆಂಕಿ ಕಮ್ಮಿ ಆಯ್ತಾ, ಆಮೇಲೆ ಫೈರ್‌ನವರು ನೀರು ಹಾಕಿದ್ರಾ, ಇದ್ದಿದ್ದು ಇದ್ದ ಹಾಗೆ ಬರಿ. ಯಾಕಂದ್ರೆ ಅಗ್ನಿಶಾಮಕ ಠಾಣೆ ರಿಪೋರ್ಟ್ ಬೇರೆ ಬರುತ್ತೆ, ಅದರಲ್ಲಿ "ನಾವು ಆರಿಸಿದೆವು" ಅಂತ ಇರುತ್ತೆ. ಸಿಲಿಂಡರ್ ಟ್ಯಾಗ್‌ಗಳ ಫೋಟೋನೂ ಹಾಕು, ರೀಫಿಲ್ ಡೇಟ್ ಮುಗ್ದಿದ್ರೂ ಹಾಕು. ಏಜೆನ್ಸಿಯವನ್ನ ಕರ್ಸಿ ಹಳೇ ಡೇಟ್ ಹಾಕ್ಸೋ ಬುದ್ಧಿ ಕೆಲವರಿಗಿದೆ, ಅದು ಮಾಡಿದ್ರೆ ಸಿಗ್ಬೇಕಾದ ಕ್ಲೇಮೂ ಹೋಗುತ್ತೆ, ನಿನ್ನ ಕೆಲಸಾನೂ ಹೋಗುತ್ತೆ.

ಹಾನಿ ಇಲ್ಲ ಅಂತ ಯಾಕೆ ಬರೀಬಾರ್ದು ಅಂದ್ರೆ, ನಾನು ಬರ್ದ ಮೂರನೇ ದಿನ ಎರಡು ಸ್ಲಾಟ್ ಆಚೆ ಇದ್ದೋರು ಬಂಪರ್ ಒಳಗಡೆ ಕರಗಿರೋದು ತೋರಿಸಿದ್ರು, ಅವರ ಇನ್ಶೂರೆನ್ಸ್‌ನವರು ನನ್ನ ನೋಟಿಸ್ ಪ್ರಿಂಟೇ ಹಿಡ್ಕೊಂಡು ಕೂತಿದ್ರು. "ಈವರೆಗೆ ಕಂಡಿದ್ದು" ಅಂತ ಬರ್ದು ಸ್ಲಾಟ್ ನಂಬರ್ ಹಾಕು. ರೆಸಿಡೆಂಟ್ಸ್‌ಗೆ ಚಿಕ್ಕ ನೋಟಿಸ್ ಕೊಡು, ಓನರ್ ಹೆಸರು ಫ್ಲಾಟ್ ನಂಬರ್ ಬೇಡ, ಆದ್ರೆ ಸಮಯ ಮತ್ತು ಘಟನೆ ಇನ್ಶೂರೆನ್ಸ್ ಕಾಪಿಯಲ್ಲಿರೋದೇ ಆಗಿರ್ಬೇಕು, ಎರಡು ಕಥೆ ಬೇಡ. ಮಸಿ ಕೂತಿರೋ ಗಾಡಿಗಳನ್ನ ಫೋಟೋ ತೆಗ್ದ ಮೇಲೆ ಬೇಗ ತೊಳ್ಕೊಳ್ಳೋಕೆ ಹೇಳು, ವೈರ್ ಪ್ಲಾಸ್ಟಿಕ್ ಸುಟ್ಟ ಮಸಿ ಬಣ್ಣ, ಕಬ್ಬಿಣ ಎರಡನ್ನೂ ತಿನ್ನುತ್ತೆ. ಸುಟ್ಟ ಗಾಡಿನ ಮಾತ್ರ ಸರ್ವೇಯರ್ ನೋಡೋವರೆಗೂ ತಳ್ಳೋಕೆ ಬಿಡ್ಬೇಡ. ಅದರ ಮೇಲಿನ ಸ್ಲ್ಯಾಬಲ್ಲಿ ಕಾಂಕ್ರೀಟ್ ಉದುರಿ ಕಂಬಿ ಕಾಣ್ತಿದ್ರೆ ಎಂಜಿನಿಯರ್ ಬರೋವರೆಗೂ ಆ ಜಾಗಕ್ಕೆ ಟೇಪ್ ಕಟ್ಟು.

ಇಲ್ಲಿ ಕಾಮೆಂಟಲ್ಲಿ ಒಬ್ರು ಎಫ್‌ಐಆರ್ ಇಲ್ದೆ ಕ್ಲೇಮೇ ಆಗಲ್ಲ ಅಂದಿದಾರೆ, ಅದು ಅರ್ಧ ಸರಿ ಸಾರ್. ಠಾಣೆಗೆ ತಿಳಿಸಿ ಅಕ್ನಾಲೆಜ್‌ಮೆಂಟ್ ಇಟ್ಕೊಳ್ಳೋದು ಒಳ್ಳೇದೇ, ಯಾರೋ ಬೇಕಂತ ಹಚ್ಚಿದ ಅನುಮಾನ ಇದ್ರೆ ಎಫ್‌ಐಆರ್ ಬೇಕೇ ಬೇಕು, ಉಳಿದಿದ್ದಕ್ಕೆ ನಮ್ಮ ಕೇಸಲ್ಲಿ ಅಕ್ನಾಲೆಜ್‌ಮೆಂಟೂ ಫೈರ್ ರಿಪೋರ್ಟೂ ಸಾಕಾಯ್ತು. ನಿಮ್ಮ ಸರ್ವೇಯರ್ ಏನ್ ಕೇಳ್ತಾರೋ ಬರಹದಲ್ಲಿ ತಗೊಳ್ಳಿ. ಇನ್ನೊಂದು, ಥರ್ಡ್ ಪಾರ್ಟಿ ಇನ್ಶೂರೆನ್ಸ್ ಮಾತ್ರ ಇದ್ರೆ ನಿಮ್ಮ ಗಾಡಿ ಸುಟ್ಟಿದ್ದಕ್ಕೆ ನಿಮ್ಮ ಪಾಲಿಸಿಯಿಂದ ಏನೂ ಬರಲ್ಲ, ಅಷ್ಟು ನೋಡ್ಕೊಳ್ಳಿ.

ಬೇರೆ ಫ್ಲಾಟ್‌ನವರು ಫುಟೇಜ್ ಕೇಳಿದ್ರೆ ಕೊಡ್ಬೇಕಾ ಬೇಡ್ವಾ ಅಂತ ನಮ್ಮ ಕಮಿಟಿಯಲ್ಲಿ ಇನ್ನೂ ಜಗಳ ನಡೀತಿದೆ. ನಾನಂತೂ ಸೆಕ್ರೆಟರಿ ಸಹಿ ಇಲ್ದೆ ಪೆನ್‌ಡ್ರೈವ್ ಬಿಡಲ್ಲ, ಯಾರಿಗೆ ಯಾವತ್ತು ಕೊಟ್ಟೆ ಅಂತ ರಿಜಿಸ್ಟರಲ್ಲೂ ಬರ್ಸ್ಕೋತೀನಿ. ನೀನು ಮೊದಲು ಆ ಮಾನಿಟರ್ ಫೋಟೋ ಹೊಡ್ದು ಇಲ್ಲಿ ಹಾಕು, ವ್ಯತ್ಯಾಸ ಎಷ್ಟು ನೋಡೋಣ.