ಒಂದೇ ಕೆರೆಯನ್ನು ಮೂರು ವರ್ಷ ನೋಡುವುದು

ಪ್ರಶ್ನೆ: ಐದು ವರ್ಷದಿಂದ ಹವ್ಯಾಸಕ್ಕೆ ಫೋಟೋ ತೆಗೆಯುತ್ತಿದ್ದೇನೆ. ಹೂವು, ಸೂರ್ಯಾಸ್ತ, ದೇವಸ್ಥಾನ, ಜಾತ್ರೆ ಎಲ್ಲವೂ ಇವೆ, ಆದರೆ ಒಂದಕ್ಕೊಂದು ಸಂಬಂಧವಿಲ್ಲ. ಎರಡು ಮೂರು ವರ್ಷ ಹಿಡಿದು ಮಾಡುವಂಥ, ಆಳವಿರುವ ಸರಣಿಗೆ ಯಾವ ವಿಷಯ ಆರಿಸಿಕೊಳ್ಳಲಿ?

ನಿಮ್ಮ ಊರಿನ ಹತ್ತಿರ ಒಂದು ಕೆರೆಯಿದ್ದರೆ ಅದನ್ನೇ ಆರಿಸಿಕೊಳ್ಳಿ ಎಂಬುದು ನನ್ನ ಸಲಹೆ. ನಾನು 2021ರ ಜೂನ್‌ನಿಂದ ತುಮಕೂರು ಜಿಲ್ಲೆಯ ನಮ್ಮೂರ ಕೆರೆಯನ್ನು ನಾಲ್ಕು ನಿಶ್ಚಿತ ಜಾಗಗಳಿಂದ ಪ್ರತಿ ತಿಂಗಳ ಮೂರನೆಯ ಭಾನುವಾರ ತೆಗೆಯುತ್ತಿದ್ದೇನೆ. ತೂಬಿನ ಬಳಿ ಒಂದು, ಕೋಡಿಯ ಬಳಿ ಒಂದು, ಏರಿಯ ತಿರುವಿನಲ್ಲಿ ಒಂದು, ನೀರು ಕೊನೆಗೊಳ್ಳುವ ಹಿಂಭಾಗದಲ್ಲಿ ಇನ್ನೊಂದು. ತಾಲ್ಲೂಕು ಕೇಂದ್ರದ ಪ್ರೌಢಶಾಲೆಯಲ್ಲಿ ಪಾಠ ಮಾಡುವ ನನಗೆ ತಿಂಗಳಿಗೊಮ್ಮೆ ಊರಿಗೆ ಹೋಗುವುದು ಹೇಗಿದ್ದರೂ ಇತ್ತು. ವಿಷಯವನ್ನು ಆರಿಸುವಾಗ ನಾನು ಮೊದಲು ನೋಡುವುದು ಇದನ್ನೇ: ಅಲ್ಲಿಗೆ ಹೋಗಲು ಪ್ರತ್ಯೇಕ ಪ್ರಯಾಣ ಬೇಕಾದರೆ ಎರಡನೆಯ ವರ್ಷದ ಹೊತ್ತಿಗೆ ಸರಣಿ ನಿಂತುಹೋಗುತ್ತದೆ.

ಕೆರೆಯನ್ನೇ ಏಕೆ ಹೇಳುತ್ತೇನೆಂದರೆ, ಅದರ ಚೌಕಟ್ಟು ಬದಲಾಗುವುದಿಲ್ಲ, ಒಳಗಿರುವುದೆಲ್ಲ ಬದಲಾಗುತ್ತದೆ. ಏರಿ, ತೂಬು, ಕೋಡಿ ಇದ್ದಲ್ಲೇ ಇರುತ್ತವೆ. ನೀರು, ಹೂಳು, ಜೊಂಡು, ಜಾಲಿ, ದನಕರು, ಜನ ಮಾತ್ರ ಬಂದು ಹೋಗುತ್ತಾರೆ. ಬದಲಾಗದ ವಸ್ತು ಪ್ರತಿ ಚಿತ್ರದಲ್ಲೂ ಒಂದೇ ಜಾಗದಲ್ಲಿ ನಿಂತಾಗ, ಬದಲಾದದ್ದನ್ನು ಕಣ್ಣು ತಾನಾಗಿಯೇ ಹುಡುಕುತ್ತದೆ. ‘ಗ್ರಾಮೀಣ ಬದುಕು’ ಎಂಬಂಥ ಶೀರ್ಷಿಕೆಯಡಿ ಎಲ್ಲ ಚಿತ್ರಗಳೂ ಸೇರಿಕೊಳ್ಳುವುದರಿಂದ ಯಾವುದನ್ನು ಬಿಡಬೇಕೆಂಬುದು ಎಂದಿಗೂ ತಿಳಿಯುವುದಿಲ್ಲ.

ಈ ತತ್ತ್ವವನ್ನು ಅತ್ಯಂತ ಕಟ್ಟುನಿಟ್ಟಾಗಿ ಅನುಸರಿಸಿದವರು ಅಮೆರಿಕದ ಮಾರ್ಕ್ ಕ್ಲೆಟ್ ಮತ್ತು ಅವರ ಸಂಗಡಿಗರು. ಹತ್ತೊಂಬತ್ತನೆಯ ಶತಮಾನದ ಭೂ ಸಮೀಕ್ಷೆಗಳಲ್ಲಿ ತೆಗೆದ ಪಶ್ಚಿಮ ಅಮೆರಿಕದ ಚಿತ್ರಗಳನ್ನು ಹಿಡಿದುಕೊಂಡು, 1977ರಿಂದ ಅವರು ಹಳೆಯ ಛಾಯಾಗ್ರಾಹಕ ನಿಂತಿದ್ದ ಜಾಗವನ್ನೇ ಹುಡುಕಿ ಅಲ್ಲಿಂದ ಮತ್ತೆ ಚಿತ್ರ ತೆಗೆದರು. ಹಳೆಯ ಚಿತ್ರದ ನೆರಳುಗಳನ್ನು ನೋಡಿ ಋತುವನ್ನೂ ಹೊತ್ತನ್ನೂ ಲೆಕ್ಕ ಹಾಕಿದರು. ಅವರಿಗೆ ಹಳೆಯ ಚಿತ್ರ ಬೇರೆಯವರಿಂದ ಬಂದಿತ್ತು, ನಾವು ಮೊದಲ ತಿಂಗಳು ತೆಗೆಯುವ ಚಿತ್ರವೇ ನಮಗೆ ಹಳೆಯ ಚಿತ್ರವಾಗುತ್ತದೆ. ಆದ್ದರಿಂದ ಮೊದಲ ತಿಂಗಳು ಚೌಕಟ್ಟಿನೊಳಗೆ ಏನಿರಬೇಕು ಎಂಬ ತೀರ್ಮಾನ ಬಹಳ ಮುಖ್ಯ, ಮತ್ತು ನಾನು ಎಡವಿದ್ದು ಅಲ್ಲಿಯೇ.

ಮೊದಲ ನಾಲ್ಕು ತಿಂಗಳು ತೂಬಿನ ಕಲ್ಲುಕಂಬಗಳು ನೋಟಕ್ಕೆ ಅಡ್ಡ ಬರುತ್ತವೆಂದು ನಾನು ಅವನ್ನು ಬಿಟ್ಟು, ಬರಿಯ ನೀರನ್ನೂ ಆಚೆ ದಡವನ್ನೂ ತೆಗೆದಿದ್ದೆ. ಅಕ್ಟೋಬರ್‌ನಲ್ಲಿ ಊರಿನ ನೀರುಗಂಟಿಯವರಿಗೆ ಒಂದು ಮುದ್ರಿತ ಪ್ರತಿಯನ್ನು ಕೊಟ್ಟೆ. ಅವರು ಅದನ್ನು ತೋಳುದ್ದ ದೂರ ಹಿಡಿದು ಬಹಳ ಹೊತ್ತು ನೋಡಿದರು. “ಚೆನ್ನಾಗೈತೆ ಮೇಷ್ಟ್ರೇ, ಆದ್ರೆ ಕಂಬಾನೇ ಬಿಟ್ಬಿಟ್ಟಿದ್ದೀರಲ್ಲ. ಮೂರನೇ ಅಡ್ಡಗಲ್ಲು ಮುಳುಗಿದ್ರೆ ಭತ್ತ, ಇಲ್ಲಾಂದ್ರೆ ರಾಗಿ. ಕಂಬ ಇಲ್ದೇ ನೀರು ಎಷ್ಟೈತೆ ಅಂತ ಯಾರಿಗ್ ಗೊತ್ತಾಗ್ತೈತೆ?” ಎಂದರು. ಹಳೆಯ ತೂಬುಗಳಲ್ಲಿ ಎರಡು ಕಲ್ಲುಕಂಬಗಳ ನಡುವೆ ಒಂದರ ಕೆಳಗೊಂದು ಅಡ್ಡಗಲ್ಲುಗಳಿರುತ್ತವೆ, ಅವುಗಳ ರಂಧ್ರಗಳ ಮೂಲಕ ತೂಬಿನ ಬಾಯಿ ಮುಚ್ಚುವ ಕೋಲು ಇಳಿಯುತ್ತದೆ. ನಮ್ಮೂರಿನ ಅಚ್ಚುಕಟ್ಟಿನವರು ಆ ಕಲ್ಲುಗಳನ್ನು ನೋಡಿಯೇ ಬೆಳೆ ನಿರ್ಧರಿಸುತ್ತಿದ್ದರು. ಅಂದಿನಿಂದ ಮೊದಲ ಜಾಗದ ಚೌಕಟ್ಟನ್ನು ಬದಲಿಸಿ ಕಂಬಗಳನ್ನು ಎಡಗಡೆಗೆ ಸೇರಿಸಿಕೊಂಡೆ. ಆ ನಾಲ್ಕು ತಿಂಗಳ ಚಿತ್ರಗಳು ಹೋಲಿಕೆಗೆ ಉಪಯೋಗಕ್ಕೆ ಬರಲಿಲ್ಲ. ನೀವು ಯಾವ ವಿಷಯವನ್ನು ಆರಿಸಿದರೂ, ಚೌಕಟ್ಟನ್ನು ಗಟ್ಟಿಮಾಡುವ ಮೊದಲು ಆ ಜಾಗದಲ್ಲಿ ಕೆಲಸ ಮಾಡುವವರೊಬ್ಬರಿಗೆ ಚಿತ್ರ ತೋರಿಸಿ, ಇದರಲ್ಲಿ ಏನು ಬಿಟ್ಟುಹೋಗಿದೆ ಎಂದು ಕೇಳಿ.

ಮತ್ತೆ ಅದೇ ಜಾಗದಲ್ಲಿ ನಿಲ್ಲುವುದು ಅಂದುಕೊಂಡಷ್ಟು ಸುಲಭವಲ್ಲ. ನೆಲದ ಗುರುತು ಮಳೆಗೆ ಅಳಿಸಿಹೋಗುತ್ತದೆ, ಮೊಬೈಲಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುತ್ತದೆ. ನಂಬಬಹುದಾದದ್ದು ಹತ್ತಿರದ ವಸ್ತುವೂ ದೂರದ ವಸ್ತುವೂ ಚಿತ್ರದಲ್ಲಿ ಸೇರುವ ಬಗೆಯನ್ನು. ನನ್ನ ಮೊದಲ ಜಾಗದಿಂದ ನೋಡಿದರೆ ಬಲಗಂಬದ ಅಂಚು ಆಚೆ ದಡದ ಹುಣಸೆಮರದ ಬುಡಕ್ಕೆ ಸರಿಯಾಗಿ ತಾಗುತ್ತದೆ. ಹಳೆಯ ಚಿತ್ರಕ್ಕಿಂತ ಕಂಬ ಬಲಕ್ಕೆ ಸರಿದು ಮರವನ್ನು ಮುಚ್ಚಿದ್ದರೆ ನಾನು ಎಡಕ್ಕೆ ಹೆಚ್ಚು ನಿಂತಿದ್ದೇನೆ ಎಂದರ್ಥ, ಬಲಕ್ಕೆ ಸರಿಯಬೇಕು. ಕಂಬದ ತಲೆ ಆಚೆಯ ಗುಡ್ಡದ ಮೇಲೆ ಮೊದಲಿಗಿಂತ ಎತ್ತರಕ್ಕೆ ಹೋಗಿದ್ದರೆ ಕ್ಯಾಮೆರಾ ತಗ್ಗಿನಲ್ಲಿದೆ. ಈ ವ್ಯತ್ಯಾಸವನ್ನು ಜೂಮ್ ಮಾಡಿಯಾಗಲಿ, ಆಮೇಲೆ ಚಿತ್ರ ಕತ್ತರಿಸಿಯಾಗಲಿ ಸರಿಪಡಿಸಲು ಬರುವುದಿಲ್ಲ, ನಿಂತ ಜಾಗವನ್ನೇ ಸರಿಪಡಿಸಬೇಕು. ಅದಕ್ಕಾಗಿ ಮೊದಲ ಚಿತ್ರದ ಮುದ್ರಿತ ಪ್ರತಿ ಯಾವಾಗಲೂ ನನ್ನ ಚೀಲದಲ್ಲಿರುತ್ತದೆ. ಕ್ಯಾಮೆರಾದ ಎತ್ತರ ಅಳೆಯಲು ಟ್ರೈಪಾಡ್‌ಗೆ ಒಂದೂವರೆ ಮೀಟರ್ ದಾರವನ್ನು ಕಟ್ಟಿದ್ದೇನೆ. ಲೆನ್ಸ್ 35 ಮಿ.ಮೀ. ಒಂದೇ. ಜೂಮ್ ಲೆನ್ಸ್ ಮಾತ್ರವಿದ್ದರೆ ಉಂಗುರವನ್ನು ಒಂದು ಕಡೆ ನಿಲ್ಲಿಸಿ ಟೇಪ್ ಅಂಟಿಸಿಬಿಡಿ. ಮೊಬೈಲಿನಲ್ಲಾದರೆ ಮುಖ್ಯ ಕ್ಯಾಮೆರಾವನ್ನಷ್ಟೇ ಬಳಸಿ.

ಬೆಳಕಿನ ವಿಷಯದಲ್ಲಿ ನಮ್ಮ ಅಕ್ಷಾಂಶಕ್ಕೆ ಸಂಬಂಧಿಸಿದ ಒಂದು ಸಂಗತಿಯಿದೆ. ತುಮಕೂರು, ಬೆಂಗಳೂರಿನ ಕಡೆ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕಿರುತ್ತಾನೆ, ಉಳಿದ ಕಾಲದಲ್ಲಿ ದಕ್ಷಿಣಕ್ಕಿರುತ್ತಾನೆ. ಸೂರ್ಯ ಹುಟ್ಟುವ ಬಿಂದುವೂ ಜೂನ್‌ನಿಂದ ಡಿಸೆಂಬರ್‌ಗೆ ದಿಗಂತದ ಮೇಲೆ ಸುಮಾರು 48 ಡಿಗ್ರಿ ಸರಿಯುತ್ತದೆ. ನಾನು ಪಶ್ಚಿಮಕ್ಕೆ ಮುಖ ಮಾಡಿ ನಿಲ್ಲುವುದರಿಂದ ಜೂನ್ ಬೆಳಿಗ್ಗೆ ಕಂಬದ ಬಲಮೈ ಬೆಳಗುತ್ತದೆ, ಡಿಸೆಂಬರ್‌ನಲ್ಲಿ ಎಡಮೈ. ಹೀಗಾಗಿ ಅಕ್ಕಪಕ್ಕದ ತಿಂಗಳುಗಳನ್ನು ಹೋಲಿಸಿದರೆ ಬದಲಾದದ್ದು ಕೆರೆಯೋ ಬೆಳಕೋ ಎಂಬ ಗೊಂದಲವುಂಟಾಗುತ್ತದೆ. ಒಂದು ವರ್ಷದ ಅಕ್ಟೋಬರನ್ನು ಮರುವರ್ಷದ ಅಕ್ಟೋಬರ್ ಜೊತೆ ಇಟ್ಟರೆ ಬೆಳಕಿನ ದಿಕ್ಕು ಒಂದೇ ಆಗಿರುತ್ತದೆ, ಬದಲಾದದ್ದು ಕೆರೆ ಮಾತ್ರ. ಸರಣಿ ಒಂದು ವರ್ಷಕ್ಕೆ ಮುಗಿಯಬಾರದು ಎಂದು ನಾನು ಒತ್ತಿ ಹೇಳುವುದು ಇದೇ ಕಾರಣಕ್ಕೆ.

ಬಣ್ಣಕ್ಕೂ ಇದೇ ಶಿಸ್ತು ಬೇಕು. ಕ್ಯಾಮೆರಾಗೆ ಎಲ್ಲವನ್ನೂ ಬಿಟ್ಟುಕೊಟ್ಟರೆ ಬೇಸಿಗೆಯ ಬಿಳಿಚಿದ ಮಣ್ಣನ್ನೂ ಮಳೆಗಾಲದ ಕಪ್ಪು ನೀರನ್ನೂ ಅದು ಒಂದೇ ನಡುಮಟ್ಟದ ಹೊಳಪಿಗೆ ತಂದುಬಿಡುತ್ತದೆ. ವೈಟ್ ಬ್ಯಾಲೆನ್ಸನ್ನು ಹಗಲು ಬೆಳಕಿಗೆ ಸ್ಥಿರಪಡಿಸಿ ರಾ ಫೈಲ್‌ನಲ್ಲಿ ತೆಗೆಯಿರಿ, ತಿಂಗಳು ತಿಂಗಳಿಗೆ ತಿದ್ದುವುದನ್ನು ಬಿಟ್ಟು ವರ್ಷದ ಚಿತ್ರಗಳನ್ನೆಲ್ಲ ಒಂದೇ ಸಲ ಕುಳಿತು ತಿದ್ದಿ. ಫೈಲಿಗೆ ದಿನಾಂಕ, ಜಾಗ, ಹೊತ್ತು ಮೂರನ್ನೂ `2022-10-16_P1_0710.dng` ಎಂಬ ರೀತಿಯಲ್ಲಿ ಹೆಸರಿಟ್ಟರೆ ಮೂರು ವರ್ಷದ ನಂತರವೂ ಹುಡುಕಾಟವಿರುವುದಿಲ್ಲ. ಜೊತೆಗೆ ನೋಟ್‌ಬುಕ್ಕಿನಲ್ಲಿ ಒಂದೇ ಸಾಲು: ನೀರು ಎಷ್ಟನೆಯ ಅಡ್ಡಗಲ್ಲಿಗಿತ್ತು, ಅಂಗಳದಲ್ಲಿ ಯಾರಿದ್ದರು.

ಆ ಕೊನೆಯ ಮಾತಿನಿಂದಲೇ ನನ್ನ ಸರಣಿಗೆ ಒಂದು ಪ್ರಶ್ನೆ ಹುಟ್ಟಿತು. 2022ರ ಮಳೆಗೆ ನಮ್ಮ ಕೆರೆ ಕೋಡಿ ಬಿತ್ತು. ಆ ವರ್ಷದ ಅಕ್ಟೋಬರ್ ಚಿತ್ರದಲ್ಲಿ ಅಡ್ಡಗಲ್ಲುಗಳು ಯಾವುವೂ ಕಾಣುವುದಿಲ್ಲ, ಎರಡು ಕಂಬಗಳ ತುದಿ ಮಾತ್ರ ನೀರಿನಿಂದ ಎದ್ದಿದೆ, ಬಾಗಿನದ ಅರಿಶಿನ ಕುಂಕುಮ ಇನ್ನೂ ಕಲ್ಲಿನ ಮೇಲಿದೆ. ಮರುವರ್ಷ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಲಾಯಿತು. 2024ರ ಏಪ್ರಿಲ್ ಹೊತ್ತಿಗೆ ಕಂಬಗಳ ಬುಡದಲ್ಲಿ ತಟ್ಟೆಯಗಲದ ಹೆಂಟೆಗಳಾಗಿ ಒಡೆದ ಮಣ್ಣು, ಬಿರುಕಿನೊಳಗೆ ಸಿಕ್ಕಿಕೊಂಡ ಬಸವನಹುಳುವಿನ ಚಿಪ್ಪುಗಳು. ಆದರೆ ಕೆರೆ ನಿರ್ಜನವಾಗಿರಲಿಲ್ಲ. ನೀರಿದ್ದಾಗ ಮೀನು ಹಿಡಿಯುವ ಗುತ್ತಿಗೆದಾರ ಮತ್ತು ಬಟ್ಟೆ ಒಗೆಯುವವರು ಬಿಟ್ಟರೆ ಅಲ್ಲಿ ಯಾರೂ ಕಾಣುತ್ತಿರಲಿಲ್ಲ. ನೀರು ಬತ್ತಿದ ಮೇಲೆ ಕುರಿಮಂದೆಯವರು ಬೀಡುಬಿಟ್ಟರು, ಹೊಲಕ್ಕೆ ಗೋಡುಮಣ್ಣು ಹೇರುವ ಟ್ರ್ಯಾಕ್ಟರ್‌ಗಳು ಬಂದವು, ಹುಡುಗರು ಕ್ರಿಕೆಟ್ ಆಡಲು ಅಂಗಳವನ್ನು ಗುಡಿಸಿದರು, ಒಂದು ಮೂಲೆಯಲ್ಲಿ ಯಾರೋ ಮುಳ್ಳುಬೇಲಿ ಹಾಕಿದರು. ನೀರಿಲ್ಲದ ಕೆರೆ ಯಾರದು ಎಂಬ ಪ್ರಶ್ನೆ ಆಗ ಎದುರಾಯಿತು. ನಿಶ್ಚಿತ ಜಾಗಗಳ ಚಿತ್ರಗಳ ಜೊತೆಗೆ, ಆ ದಿನ ಅಂಗಳದಲ್ಲಿದ್ದ ಒಬ್ಬರ ಚಿತ್ರವನ್ನು ಅವರ ಒಪ್ಪಿಗೆ ಕೇಳಿ ತೆಗೆಯುವ ಎರಡನೆಯ ಎಳೆ ಹಾಗೆ ಸೇರಿತು. ಮರುತಿಂಗಳು ಪ್ರತಿಯನ್ನು ಅವರಿಗೆ ತಲುಪಿಸುತ್ತೇನೆ. ಬೇಲಿ ಹಾಕಿದವರು ಮಾತ್ರ ಚಿತ್ರ ಬೇಡವೆಂದರು, ಅವರ ಬೇಲಿ ದೂರದಿಂದ ಕಂಡಷ್ಟೇ ಸರಣಿಯಲ್ಲಿದೆ.

ನಾಲ್ಕನೆಯ ಜಾಗದ ಮುಂದೆ ಬಳ್ಳಾರಿ ಜಾಲಿ ಬೆಳೆದು ನೋಟವನ್ನೇ ಮುಚ್ಚಿಬಿಟ್ಟಿತು. ಪಕ್ಕಕ್ಕೆ ಸರಿಯಬೇಕೆಂದು ಬಹಳ ಅನಿಸಿದರೂ ನಾನು ಸರಿಯಲಿಲ್ಲ. ಜಾಲಿ ನೋಟವನ್ನು ನುಂಗಿದ ಆ ಹತ್ತಾರು ಚಿತ್ರಗಳೇ ಹೂಳು ತುಂಬಿದ ಕೆರೆಯ ಹಿಂಭಾಗದ ಕಥೆಯನ್ನು ಹೇಳುತ್ತವೆ. ಬೇಕಾದರೆ ಹತ್ತಿರದಲ್ಲೇ ಐದನೆಯ ಜಾಗವನ್ನು ಹೊಸದಾಗಿ ಆರಂಭಿಸಬಹುದು, ಹಳೆಯದನ್ನು ಕೈಬಿಡಬಾರದು.

ವರ್ಷದ 48 ಚಿತ್ರಗಳನ್ನು ಸಣ್ಣದಾಗಿ ಮುದ್ರಿಸಿ ನೆಲದ ಮೇಲೆ ಹರಡಿ, ಹನ್ನೆರಡನ್ನು ಉಳಿಸಿಕೊಳ್ಳುತ್ತೇನೆ. ಮೊದಲು ಹೊರಗೆ ಹೋಗುವುವು ಚೆಂದದ ಸೂರ್ಯೋದಯಗಳು, ಏಕೆಂದರೆ ಆಕಾಶ ಕೆಂಪಾದಾಗ ಯಾರೂ ಅಡ್ಡಗಲ್ಲನ್ನು ನೋಡುವುದಿಲ್ಲ. ಎರಡು ಚಿತ್ರಗಳ ದಿನಾಂಕವನ್ನು ಅದಲುಬದಲು ಮಾಡಿದರೂ ನೋಡಿದವರಿಗೆ ಗೊತ್ತಾಗದಿದ್ದರೆ ಅವುಗಳಲ್ಲಿ ಒಂದು ಸಾಕು.

ಹತ್ತಿರದಲ್ಲಿ ಕೆರೆಯಿಲ್ಲದಿದ್ದರೆ ಇದೇ ಕ್ರಮ ಬೇರೆ ಕಡೆಯೂ ಹೊಂದುತ್ತದೆ. ಜರ್ಮನಿಯ ಬರ್ನ್ಡ್ ಮತ್ತು ಹಿಲ್ಲಾ ಬೆಚರ್ ದಂಪತಿ ನೀರಿನ ಗೋಪುರಗಳನ್ನು ಮೋಡದ ಬೆಳಕಿನಲ್ಲಿ, ಒಂದೇ ಬಗೆಯ ಚೌಕಟ್ಟಿನಲ್ಲಿ ದಶಕಗಳ ಕಾಲ ತೆಗೆದಂತೆ ನೀವು ತಾಲ್ಲೂಕಿನ ಹಿಟ್ಟಿನ ಗಿರಣಿಗಳನ್ನು ತೆಗೆಯಬಹುದು. ನಿಕೋಲಸ್ ನಿಕ್ಸನ್ 1975ರಿಂದ ವರ್ಷಕ್ಕೊಂದು ಚಿತ್ರದಂತೆ ನಾಲ್ವರು ಅಕ್ಕತಂಗಿಯರನ್ನು ಅದೇ ಸಾಲಿನಲ್ಲಿ ನಿಲ್ಲಿಸಿ ತೆಗೆದಂತೆ ಯುಗಾದಿಯಂದು ನಿಮ್ಮ ಮನೆಯವರನ್ನು ತೆಗೆಯಬಹುದು. ಆದರೂ ಆಯ್ಕೆಯಿದ್ದರೆ ನಾನು ಕೆರೆಯನ್ನೇ ಹೇಳುತ್ತೇನೆ. ಕೆರೆಯ ಸರಣಿಗೆ ಕೊನೆಯ ದಿನವನ್ನು ನಾವು ಗೊತ್ತುಮಾಡಬೇಕಿಲ್ಲ: ತುಂಬಿದ ಕೆರೆಯಿಂದ ಆರಂಭಿಸಿದವರು ಅದು ಬತ್ತಿ ಮತ್ತೆ ಕೋಡಿ ಬೀಳುವವರೆಗೆ ತೆಗೆಯಬೇಕು, ಒಣಗಿದ ಕೆರೆಯಿಂದ ಆರಂಭಿಸಿದವರು ಅದು ತುಂಬಿ ಮತ್ತೆ ಬತ್ತುವವರೆಗೆ.