ಪುಸ್ತಕಕ್ಕೆ 20 ರೂಪಾಯಿ ಕೊಟ್ಟ ಮೇಲೆ ಓದುವ ಆಸೆ ಎಲ್ಲಿ ಹೋಯಿತು?

ಪ್ರಶ್ನೆ: ನಾವು ಉಡುಪಿಯವರು. ಮಗಳಿಗೆ 8 ವರ್ಷ. ಮೊದಲೆಲ್ಲ ಕತೆಪುಸ್ತಕ ಸುಮ್ನೆ ಓದುತ್ತಿದ್ದಳು. ಇನ್ನೂ ಜಾಸ್ತಿ ಓದಲಿ ಅಂತ ರಜೆಯಲ್ಲಿ ಪುಸ್ತಕಕ್ಕೆ 20 ರೂಪಾಯಿ ಕೊಡಲು ಶುರು ಮಾಡಿದೆವು. ಈಗ ದುಡ್ಡಿಲ್ಲದೆ ಮುಟ್ಟುವುದೇ ಇಲ್ಲ. ನಮ್ಮವರು 50 ಮಾಡೋಣ, ಮಗ್ಗಿಗೂ ಕೊಡೋಣ ಅನ್ನುತ್ತಾರೆ. ನಿಲ್ಲಿಸುವುದಾ, ಜಾಸ್ತಿ ಮಾಡುವುದಾ?

ಪುಸ್ತಕದ ದುಡ್ಡು ನಿಲ್ಲಿಸಿ. ಮಗ್ಗಿಗೆ ಬೇಕಾದರೆ ಕೊಡಿ. ಎರಡಕ್ಕೂ ಒಂದೇ ಉತ್ತರ ಇಲ್ಲ, ಅದೇ ಇಲ್ಲಿನ ತಮಾಷೆ.

ನಾನು ಮಂಗಳೂರಿನಲ್ಲಿ ಬಿ.ಎಡ್. ಓದುವವರಿಗೆ ಮನಃಶಾಸ್ತ್ರ ಪಾಠ ಮಾಡುವವಳು. ಬಹುಮಾನದ ಪಾಠ ಬಂದಾಗಲೆಲ್ಲ ಕ್ಲಾಸು ಎರಡು ಪಂಗಡ ಆಗುತ್ತದೆ. ಒಂದು ಪಂಗಡದವರು "ಬಹುಮಾನ ಕೊಟ್ಟರೆ ಮಕ್ಕಳು ಹಾಳು" ಅನ್ನುತ್ತಾರೆ, ಇನ್ನೊಂದು ಪಂಗಡ "ಎಂತ ಮಾರಾಯ್ರೆ, ಸಂಬಳ ಇಲ್ಲದೆ ನೀವು ಪಾಠ ಮಾಡುತ್ತೀರಾ" ಅಂತ ಕೇಳುತ್ತದೆ. ಎರಡರಲ್ಲೂ ಅರ್ಧರ್ಧ ಸತ್ಯ ಉಂಟು.

ನಿಮ್ಮ ಮನೆಯಲ್ಲಿ ಆದದ್ದು ಹೆಚ್ಚುಕಡಿಮೆ 1973ರ ಒಂದು ಪ್ರಯೋಗದಲ್ಲಿ ಆಗಿದೆ. ಲೆಪರ್, ಗ್ರೀನ್, ನಿಸ್ಬೆಟ್ ಅಂತ ಮೂವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ಮಾಡಿದ್ದು. ಮಕ್ಕಳು 3ರಿಂದ 5 ವರ್ಷದವರು. ಬಣ್ಣದ ಮಾರ್ಕರ್ ಪೆನ್ನು ಮೇಜಿನ ಮೇಲೆ ಇಟ್ಟರೆ ತಾವಾಗಿಯೇ ಬಂದು ಚಿತ್ರ ಬಿಡಿಸುವ ಮಕ್ಕಳನ್ನೇ ಆರಿಸಿಕೊಂಡರು. ಆಮೇಲೆ ಮೂರು ಗುಂಪು ಮಾಡಿದರು. ಮೊದಲನೆಯ ಗುಂಪಿಗೆ "ಚಿತ್ರ ಬಿಡಿಸಿದರೆ ಚಂದದ ಸರ್ಟಿಫಿಕೇಟ್ ಕೊಡುತ್ತೇವೆ" ಅಂತ ಮೊದಲೇ ಹೇಳಿದರು, ಕೊಟ್ಟರು ಕೂಡ. ಎರಡನೆಯ ಗುಂಪಿಗೆ ಏನೂ ಹೇಳಲಿಲ್ಲ, ಚಿತ್ರ ಮುಗಿದ ಮೇಲೆ ಅದೇ ಸರ್ಟಿಫಿಕೇಟ್ ಕೈಗೆ ಕೊಟ್ಟರು. ಮೂರನೆಯವರಿಗೆ ಏನೂ ಇಲ್ಲ.

ಒಂದೆರಡು ವಾರ ಬಿಟ್ಟು ಪುನಃ ಕ್ಲಾಸಿನಲ್ಲಿ ಮಾರ್ಕರ್ ಇಟ್ಟರು, ಬಹುಮಾನದ ಮಾತೇ ಎತ್ತಲಿಲ್ಲ, ಯಾರು ಎಷ್ಟು ಹೊತ್ತು ಬಿಡಿಸುತ್ತಾರೆ ಅಂತ ಗುಟ್ಟಾಗಿ ನೋಡಿದರು. ಏನೂ ಸಿಗದವರು ಬಿಡುವಿನ ಸಮಯದಲ್ಲಿ ಸುಮಾರು 17 ಶೇಕಡ ಚಿತ್ರಕ್ಕೆ ಕೊಟ್ಟರು. ಅನಿರೀಕ್ಷಿತವಾಗಿ ಸಿಕ್ಕವರು 18 ಶೇಕಡ. ಕೊಡುತ್ತೇವೆ ಅಂತ ಮೊದಲೇ ಹೇಳಿಸಿಕೊಂಡವರು? 9 ಶೇಕಡಕ್ಕಿಂತ ಕಡಿಮೆ.

ಈಗ ಎರಡನೆಯ ಗುಂಪನ್ನು ನೋಡಿ. ಅವರಿಗೂ ಅದೇ ಸರ್ಟಿಫಿಕೇಟ್ ಸಿಕ್ಕಿತ್ತು, ಏನೂ ಕೆಡಲಿಲ್ಲ. ಅಂದರೆ ಕೆಡಿಸಿದ್ದು ಬಹುಮಾನ ಅಲ್ಲ, "ಇದು ಮಾಡಿದರೆ ಅದು ಕೊಡುತ್ತೇನೆ" ಎಂಬ ಒಪ್ಪಂದ. ಬಿ.ಎಡ್. ಪುಸ್ತಕಗಳಲ್ಲಿ ಸಾಮಾನ್ಯವಾಗಿ ಹಾರಿಸಿಬಿಡುವುದು ಇದನ್ನೇ.

ಮನಃಶಾಸ್ತ್ರಜ್ಞ ಸ್ಕಿನ್ನರ್ ಪಂಥದವರ ಲೆಕ್ಕ ಸರಳ. ಬಹುಮಾನ ಸಿಕ್ಕಿದ ಕೆಲಸ ಹೆಚ್ಚುತ್ತದೆ, ಬಹುಮಾನ ನಿಂತರೆ ಇಳಿಯುತ್ತದೆ. ಆದರೆ ಆ ಲೆಕ್ಕದಲ್ಲಿ ಇಳಿದು ಮೊದಲಿನ ಮಟ್ಟಕ್ಕೆ ಬಂದು ನಿಲ್ಲಬೇಕು. ಇಲ್ಲಿ ಮಕ್ಕಳು ತಾವೇ ಮೊದಲು ಇದ್ದ ಮಟ್ಟಕ್ಕಿಂತ ಕೆಳಗೆ ಹೋದರು. ಲೆಪರ್ ಅವರ ವಿವರಣೆ: ಮಗು ತನ್ನನ್ನೇ ನೋಡಿಕೊಂಡು "ನಾನು ಯಾಕೆ ಬಿಡಿಸಿದೆ? ಓ, ಸರ್ಟಿಫಿಕೇಟಿಗೆ" ಅಂತ ಅಂದುಕೊಳ್ಳುತ್ತದೆ. ಕಣ್ಣಿಗೆ ಕಾಣುವ ಕಾರಣ ಸಿಕ್ಕಿದ ಮೇಲೆ ಒಳಗಿನ ಕಾರಣ ಲೆಕ್ಕಕ್ಕೆ ಬರುವುದಿಲ್ಲ.

ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಎಂಬ ಮನಃಶಾಸ್ತ್ರಜ್ಞರು ಇದನ್ನು ಬೇರೆ ಥರ ನೋಡುತ್ತಾರೆ. 1971ರಲ್ಲೇ ಡೆಸಿ ಕಾಲೇಜು ವಿದ್ಯಾರ್ಥಿಗಳಿಗೆ ತುಂಡು ಜೋಡಿಸುವ ಒಂದು ಒಗಟು ಕೊಟ್ಟು, ಬಿಡಿಸಿದ್ದಕ್ಕೆ ದುಡ್ಡು ಕೊಟ್ಟು ನೋಡಿದ್ದರು. ಅವರಿಬ್ಬರು ಕಟ್ಟಿದ ಸ್ವಯಂ ನಿರ್ಧಾರ ಸಿದ್ಧಾಂತದ ಪ್ರಕಾರ ಮನುಷ್ಯನಿಗೆ ಮೂರು ಹಸಿವು: ನಾನೇ ಆರಿಸಿದೆ ಅನ್ನುವುದು, ನನಗೆ ಬರುತ್ತದೆ ಅನ್ನುವುದು, ನನ್ನವರು ಜತೆಗಿದ್ದಾರೆ ಅನ್ನುವುದು. ಬಹುಮಾನ ಒಳ್ಳೆಯದಾ ಕೆಟ್ಟದಾ ಅಂತ ಅವರು ಕೇಳುವುದೇ ಇಲ್ಲ. ಆ ಬಹುಮಾನ ಮಗುವಿನ ಕಿವಿಗೆ ಏನು ಹೇಳುತ್ತದೆ ಅಂತ ಕೇಳುತ್ತಾರೆ. "ನೀನು ಚೆನ್ನಾಗಿ ಮಾಡಿದೆ" ಅಂತ ಕೇಳಿಸಿದರೆ ಎರಡನೆಯ ಹಸಿವು ತಣಿಯುತ್ತದೆ. "ನಾನು ಹೇಳಿದ್ದು ಮಾಡಿದೆ, ತಗೋ" ಅಂತ ಕೇಳಿಸಿದರೆ ಮೊದಲನೆಯದಕ್ಕೆ ಪೆಟ್ಟು. ನಿಮ್ಮ 20 ರೂಪಾಯಿ ಪುಸ್ತಕ ಮುಗಿಸಿದ್ದಕ್ಕೆ ಸಿಕ್ಕಿದ್ದು, ಚೆನ್ನಾಗಿ ಓದಿದ್ದಕ್ಕೆ ಅಲ್ಲ. ಹಾಗಾಗಿ ಅದು ಎರಡನೆಯ ಮಾತನ್ನೇ ಹೇಳಿರಬೇಕು.

ಇದು ಖಾತ್ರಿ ಮಾಡಿಕೊಳ್ಳಲು ನೀವು ಮನೆಯಲ್ಲೇ ನೋಡಬಹುದು. ಈಚೆಗೆ ಅವಳು ಆರಿಸುವ ಪುಸ್ತಕ ತೆಳ್ಳಗಾಗಿದೆಯಾ, ಅಕ್ಷರ ದೊಡ್ಡದಾಗಿದೆಯಾ? "ಇದು ಲೆಕ್ಕಕ್ಕೆ ಬರುತ್ತದಾ ಅಮ್ಮಾ" ಅಂತ ಕೇಳುತ್ತಾಳಾ? ಓದಿದ ಕತೆಯ ಬಗ್ಗೆ ಏನೂ ಹೇಳದೆ ಕೈ ಚಾಚುತ್ತಾಳಾ? ಹೌದಾದರೆ ಓದು ಅವಳಿಗೆ ಕೂಲಿ ಕೆಲಸ ಆಗಿದೆ. ಇನ್ನೊಂದು ಪರೀಕ್ಷೆ ಡೆಸಿ ಮಾಡಿದ್ದೇ. ಪ್ರಯೋಗ ಮಾಡುವವರು ಕೋಣೆಯಿಂದ ಎದ್ದು ಹೋಗುತ್ತಿದ್ದರು, ಅಲ್ಲಿ ಒಗಟಿನ ಜತೆ ಪತ್ರಿಕೆಗಳನ್ನೂ ಇಟ್ಟಿರುತ್ತಿದ್ದರು, ಯಾರೂ ನೋಡುತ್ತಿಲ್ಲ ಅಂದುಕೊಂಡಾಗ ವಿದ್ಯಾರ್ಥಿ ಏನು ಕೈಗೆತ್ತಿಕೊಳ್ಳುತ್ತಾನೆ ಅಂತ ಹೊರಗಿನಿಂದ ಅಳೆಯುತ್ತಿದ್ದರು. ನೀವು ಕೂಡ ಒಂದು ಮಳೆಯ ಸಂಜೆ ಪುಸ್ತಕ, ಬಣ್ಣ, ಆಟಿಕೆ ಎಲ್ಲ ಅಲ್ಲೇ ಬಿಟ್ಟು ಅಡುಗೆಮನೆಗೆ ಹೋಗಿ. ಮೊಬೈಲ್ ಮಾತ್ರ ಇಡಬೇಡಿ, ಅದರ ಎದುರು ದೊಡ್ಡವರೂ ಸೋಲುತ್ತಾರೆ.

ಇನ್ನು ಮಗ್ಗಿ. 1994ರಲ್ಲಿ ಕ್ಯಾಮರೂನ್ ಮತ್ತು ಪಿಯರ್ಸ್ ಹಳೆಯ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ, ಬಹುಮಾನದಿಂದ ಅಂಥ ಹಾನಿ ಏನಿಲ್ಲ, ಗಾಬರಿ ಜಾಸ್ತಿ ಅಂದರು. ಡೆಸಿ, ಕೋಸ್ಟ್ನರ್, ರಯಾನ್ 1999ರಲ್ಲಿ 128 ಪ್ರಯೋಗಗಳನ್ನು ಪುನಃ ಎಣಿಸಿ, ಹಾನಿ ಉಂಟು ಅಂದರು. ಜಗಳ ಬಹಳ ಕಾಲ ನಡೆಯಿತು. ಆದರೆ ಡೆಸಿ ಕಡೆಯವರ ಲೆಕ್ಕದಲ್ಲೇ ಒಂದು ವಿಷಯ ಕಾಣುತ್ತದೆ: ಹಾನಿ ಆಗುವುದು ಮೊದಲೇ ಇಷ್ಟವಿದ್ದ ಕೆಲಸದಲ್ಲಿ. ಬೇಸರದ ಕೆಲಸದಲ್ಲಿ ಅಂಥ ಹಾನಿ ಕಾಣಿಸಲಿಲ್ಲ. ಇಲ್ಲದ ಆಸೆಯನ್ನು ಕೆಡಿಸುವುದು ಹೇಗೆ, ಅಲ್ವಾ? 13ರ ಮಗ್ಗಿಯನ್ನು ಪ್ರೀತಿಯಿಂದ ಬಾಯಿಪಾಠ ಮಾಡುವ ಮಗುವನ್ನು ನಾನಂತೂ ನೋಡಿಲ್ಲ. ಅಲ್ಲಿ ಒಂದು ಚಿಕ್ಕಿ, ಒಂದು ಐಸ್‌ಕ್ರೀಂ ಕೊಟ್ಟರೆ ತಪ್ಪಿಲ್ಲ. ಮಗ್ಗಿ ಬಂದ ಮೇಲೆ ಲೆಕ್ಕ ಬೇಗ ಆಗುವುದೇ ಅವಳಿಗೆ ಖುಷಿ ಕೊಡುತ್ತದೆ, ಆಗ ಐಸ್‌ಕ್ರೀಂ ತಾನಾಗಿ ಮರೆತುಹೋಗಬಹುದು.

ಹಾಗಾದರೆ ಪುಸ್ತಕಕ್ಕೆ ದುಡ್ಡು ಎಲ್ಲಾ ಕಡೆ ತಪ್ಪಾ? ಅದೂ ಅಲ್ಲ. ರೋಲಂಡ್ ಫ್ರೈಯರ್ ಎಂಬ ಅರ್ಥಶಾಸ್ತ್ರಜ್ಞ ಅಮೆರಿಕದ ಹಲವು ನಗರಗಳ ಶಾಲೆಗಳಲ್ಲಿ ಮಕ್ಕಳಿಗೆ ದುಡ್ಡು ಕೊಟ್ಟು ನೋಡಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಡಲ್ಲಾಸ್‌ನಲ್ಲಿ 2ನೇ ಕ್ಲಾಸಿನ ಮಕ್ಕಳಿಗೆ ಒಂದು ಪುಸ್ತಕ ಓದಿ ಸಣ್ಣ ಪರೀಕ್ಷೆ ಪಾಸಾದರೆ 2 ಡಾಲರ್. ಅಲ್ಲಿ ಓದಿ ಅರ್ಥ ಮಾಡಿಕೊಳ್ಳುವ ಶಕ್ತಿ ಹೆಚ್ಚಿತು. ನ್ಯೂಯಾರ್ಕಿನಲ್ಲಿ ಪರೀಕ್ಷೆಯ ಅಂಕಕ್ಕೆ ದುಡ್ಡು ಕೊಟ್ಟರು, ಏನೂ ಆಗಲಿಲ್ಲ. ಪುಸ್ತಕ ಓದುವುದು ಮಗುವಿನ ಕೈಯಲ್ಲಿದೆ. ಅಂಕ ತರುವುದು ಹೇಗೆ ಅಂತ ಮಗುವಿಗೇ ಗೊತ್ತಿಲ್ಲ. ಆದರೆ ಅಲ್ಲಿ ಒಂದು ಕ್ಲಾಸಿನ ಎಲ್ಲ ಮಕ್ಕಳು ಇದ್ದರು, ಓದಿನ ರುಚಿಯೇ ಹತ್ತದವರೂ ಇದ್ದರು. ನಿಮ್ಮ ಮಗಳಿಗೆ ರುಚಿ ಆಗಲೇ ಹತ್ತಿತ್ತು. ವ್ಯತ್ಯಾಸ ಅಷ್ಟೇ, ಆದರೆ ಪೂರ್ತಿ ಉತ್ತರ ಅದರ ಮೇಲೆ ನಿಂತಿದೆ.

ನಿಮ್ಮವರ 50 ರೂಪಾಯಿಯ ಬಗ್ಗೆ: ಅವರ ಯೋಚನೆ ಪೂರ್ತಿ ತಪ್ಪಲ್ಲ. ಇಸ್ರೇಲಿನಲ್ಲಿ ಗ್ನೀಜಿ ಮತ್ತು ರುಸ್ಟಿಚಿನಿ 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವಿದ್ಯಾರ್ಥಿಗಳಿಗೆ 50 ಪ್ರಶ್ನೆ ಕೊಟ್ಟಾಗ ದುಡ್ಡಿಲ್ಲದವರು ಸರಾಸರಿ 28 ಸರಿ ಮಾಡಿದರು, ಪ್ರಶ್ನೆಗೆ ಚಿಲ್ಲರೆ ಕಾಸು ಸಿಕ್ಕವರು 23, ಚೆನ್ನಾಗಿ ದುಡ್ಡು ಸಿಕ್ಕವರು 34. ಚಿಲ್ಲರೆಗಿಂತ ಜಾಸ್ತಿ ಕೊಟ್ಟರೆ ಕೆಲಸ ಆಗುತ್ತದೆ, ಕೊಡುತ್ತಿರುವಷ್ಟು ದಿನ. ಆಮೇಲೆ? 10ನೇ ಕ್ಲಾಸಿನ ತನಕ ರೇಟು ಏರಿಸುತ್ತಾ ಹೋಗುತ್ತೀರಾ? ಬೀಡಿ ಕಟ್ಟುವಲ್ಲಿ ಸಾವಿರಕ್ಕೆ ಇಷ್ಟು ಅಂತ ಮಜೂರಿ ಇರುತ್ತದೆ, ಅದು ಹೊಟ್ಟೆಪಾಡು. ಕತೆ ಓದುವುದಕ್ಕೆ ಆ ಲೆಕ್ಕ ಯಾಕೆ?

ನಿಲ್ಲಿಸುವಾಗ ಇದ್ದಕ್ಕಿದ್ದಂತೆ, ಸಿಟ್ಟಿನಲ್ಲಿ ನಿಲ್ಲಿಸಬೇಡಿ. ಅದು ಶಿಕ್ಷೆ ಅಂತ ಅನ್ನಿಸುತ್ತದೆ. ಬಾಕಿ ಇರುವ ದುಡ್ಡು ಕೊಟ್ಟು ಮುಗಿಸಿ, "ರಜೆಯ ಯೋಜನೆ ಮುಗಿಯಿತು" ಅಂತ ಹೇಳಿ. ಕೆಲವು ವಾರ ಓದು ಕಮ್ಮಿ ಆಗುತ್ತದೆ, ಬಿಟ್ಟುಬಿಡಿ. ಆ ಹೊತ್ತಿಗೆ ಹೆಚ್ಚಿನವರು ಮಾಡುವ ಕೆಲಸ ಅಂದರೆ ದುಡ್ಡಿನ ಜಾಗದಲ್ಲಿ "ಪಕ್ಕದ ಮನೆಯವಳು ನೋಡು ಎಷ್ಟು ಓದುತ್ತಾಳೆ" ಅನ್ನುವುದು. ಡೆಸಿ ಮತ್ತು ರಯಾನ್ ಇದನ್ನು ಬೇರೆಯಾಗಿಯೇ ಗುರುತಿಸಿದ್ದಾರೆ: ನಾಚಿಕೆಗೆ, ಅಪರಾಧಿ ಭಾವಕ್ಕೆ ಮಾಡುವ ಕೆಲಸ. ಹೊರಗಿನ ಒತ್ತಡ ಒಳಗೆ ಬಂದು ಕೂತಿರುತ್ತದೆ, ಅಷ್ಟೇ. ಓದಬಹುದು, ಆದರೆ ಖುಷಿ ಇರುವುದಿಲ್ಲ.

ಆ ಮೂರು ಹಸಿವಿನ ಕಡೆ ನೋಡಿ. ಲೈಬ್ರರಿಗೆ ಕರೆದುಕೊಂಡು ಹೋಗಿ, ಪುಸ್ತಕ ಅವಳೇ ಆರಿಸಲಿ, ನಿಮಗೆ ದಡ್ಡ ಪುಸ್ತಕ ಅನ್ನಿಸಿದರೂ ಸುಮ್ಮನಿರಿ, ಅರ್ಧಕ್ಕೆ ಬಿಡುವ ಹಕ್ಕೂ ಅವಳಿಗಿರಲಿ. ಹೊಗಳುವಾಗ "ಜಾಣೆ, ಹೀಗೇ ಓದುತ್ತಿರಬೇಕು" ಅನ್ನಬೇಡಿ, ಆ "ಬೇಕು"ವಿನಲ್ಲಿ ಪುನಃ ಒಪ್ಪಂದ ಬಂತು. "ಆ ನರಿ ಮೋಸ ಮಾಡುತ್ತದೆ ಅಂತ ನಿನಗೆ ಮೊದಲೇ ಹೇಗೆ ಗೊತ್ತಾಯಿತು?" ಅಂತ ಕೇಳಿ. 1999ರ ಲೆಕ್ಕದಲ್ಲಿ ಹೊಗಳಿಕೆ ದೊಡ್ಡವರಲ್ಲಿ ಚೆನ್ನಾಗಿ ಕೆಲಸ ಮಾಡಿತ್ತು, ಮಕ್ಕಳಲ್ಲಿ ಅಷ್ಟೊಂದು ಅಲ್ಲ, ಆದ್ದರಿಂದ ಅದನ್ನೂ ಅತಿ ಮಾಡಬೇಡಿ.

ಮೂರನೆಯ ಹಸಿವನ್ನು ನಮ್ಮ ಊರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಯಕ್ಷಗಾನ ಕಲಿಯುವ ಮಕ್ಕಳನ್ನು ನೋಡಿ, ಬೆವರು ಸುರಿಸಿಕೊಂಡು ಹೆಜ್ಜೆ ಕಲಿಯುತ್ತಾರೆ, ಯಾರೂ ಹೆಜ್ಜೆಗೆ ಇಷ್ಟು ಅಂತ ಕೊಡುವುದಿಲ್ಲ. ಜತೆಯವರು ಬರುತ್ತಾರೆ, ಗುರುಗಳು ತಾಳ ಹಾಕುತ್ತಾರೆ, ಒಂದು ದಿನ ಬಾಲಗೋಪಾಲನ ವೇಷ ಸಿಗುತ್ತದೆ. ಓದು ಒಬ್ಬಳೇ ಮೂಲೆಯಲ್ಲಿ ಕೂತು ಮಾಡುವ ಕೆಲಸ, ಅದಕ್ಕೆ ಈ ಜತೆ ಸಿಗುವುದು ಕಷ್ಟ. ರಾತ್ರಿ ಹತ್ತು ನಿಮಿಷ ನೀವು ಒಂದು ಪುಟ, ಅವಳು ಒಂದು ಪುಟ ಓದಿ. ಅಜ್ಜಿಗೆ ಕಣ್ಣು ಸರಿ ಕಾಣದಿದ್ದರೆ ಇನ್ನೂ ಒಳ್ಳೆಯದು, ಓದಿ ಹೇಳುವ ಕೆಲಸ ನಿಜವಾಗಿಯೂ ಬೇಕಾದ ಕೆಲಸ ಆಗುತ್ತದೆ.

ನಿಮ್ಮವರಿಗೆ ಕೊಡಲೇಬೇಕು ಅಂತ ಆಸೆ ಇದ್ದರೆ ಕೊಡಲಿ, ಮೊದಲೇ ಹೇಳದೆ. ಅವಳು ಒಂದು ಕತೆಯನ್ನು ಮೈಮರೆತು ಹೇಳಿದ ದಿನ, ಅದೇ ಸರಣಿಯ ಮುಂದಿನ ಪುಸ್ತಕ ತಂದುಕೊಡಲಿ. ಆದರೆ ವಾರ ವಾರ ತಂದರೆ ಅವಳು ಕಾಯಲು ಶುರು ಮಾಡುತ್ತಾಳೆ, ಆಗ ಅದೂ ಒಪ್ಪಂದವೇ.